ವರದಿ ಯಾರ ಮೇಜಿಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ.

ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಪ್ರತಿ ವರ್ಷ ಒಂದು ಗೊಣಗಾಟ ಇದ್ದೇ ಇರುತ್ತದೆ. "ಮೊನ್ನೆ ತಾನೆ ಇಂಟರ್ನಲ್ ಆಡಿಟ್‌ನವರು ಬಂದು ಹೋದರು. ಈಗ ಸ್ಟ್ಯಾಚುಟರಿ ಆಡಿಟ್‌ನವರು ಬಂದು ಅದೇ ಬಿಲ್ಲು, ಅದೇ ವೋಚರ್ ಕೇಳ್ತಿದ್ದಾರೆ. ಯಾರಾದರೂ ಒಬ್ಬರು ನೋಡಿದರೆ ಸಾಲದಾ?"

ಸಾಲದು. ಇಬ್ಬರೂ ನೋಡುವ ಕಾಗದ ಒಂದೇ ಇರಬಹುದು, ಹುಡುಕುವುದು ಬೇರೆ ಬೇರೆ. ಒಂದು ಕಾರ್ಖಾನೆ ಇದೆ ಅಂದುಕೊಳ್ಳಿ. ವರ್ಷದ ಲಾಭ 100 ಕೋಟಿ ರೂಪಾಯಿ. ಅಲ್ಲಿ ಗುಜರಿ ಕಬ್ಬಿಣ ಮಾರುವಾಗ ತೂಕದಲ್ಲಿ ಮೋಸ ಆಗಿ ವರ್ಷಕ್ಕೆ 20 ಲಕ್ಷ ಸೋರಿಹೋಗುತ್ತಿದೆ. ಶಾಸನಬದ್ಧ ಲೆಕ್ಕಪರಿಶೋಧಕರು, ಅಂದರೆ ಸ್ಟ್ಯಾಚುಟರಿ ಆಡಿಟರ್, ಕೆಲಸ ಶುರು ಮಾಡುವ ಮೊದಲೇ ಒಂದು ಅಳತೆ ಇಟ್ಟುಕೊಳ್ಳುತ್ತಾರೆ. ಎಷ್ಟು ತಪ್ಪಿದರೆ ಈ ಲೆಕ್ಕಪತ್ರ ನಂಬಿದವರು ದಾರಿ ತಪ್ಪುತ್ತಾರೆ ಎಂಬ ಅಳತೆ ಅದು. ತೆರಿಗೆಗೆ ಮುಂಚಿನ ಲಾಭದ ಶೇಕಡಾ 5 ಅನ್ನುವುದು ರೂಢಿ, ಕಾನೂನಲ್ಲ. ಇಲ್ಲಿ ಅದು 5 ಕೋಟಿ. ಅದರ ಮುಂದೆ 20 ಲಕ್ಷ ಬಹಳ ಚಿಕ್ಕದು. ಅದು ಕಣ್ಣಿಗೆ ಬಿದ್ದರೆ ಆಡಳಿತಕ್ಕೆ ತಿಳಿಸುತ್ತಾರೆ, ನಿಜ. ಆದರೆ ಅವರು ಷೇರುದಾರರಿಗೆ ಹೇಳಬೇಕಾದ ಮುಖ್ಯ ಮಾತು ಒಂದೇ: ಈ ಲೆಕ್ಕಪತ್ರ ಕಂಪನಿಯ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತದೋ ಇಲ್ಲವೋ. 20 ಲಕ್ಷದಿಂದ ಆ ಮಾತು ಬದಲಾಗುವುದಿಲ್ಲ.

ಆಂತರಿಕ ಲೆಕ್ಕಪರಿಶೋಧಕರಿಗೆ ಮಾತ್ರ ಆ 20 ಲಕ್ಷವೇ ಕೆಲಸ. ಗುಜರಿ ತೂಗುವವರು ಯಾರು? ಗೇಟ್ ಪಾಸಿಗೆ ಸಹಿ ಹಾಕುವವರು ಯಾರು? ದರ ಮಾತಾಡುವವನೂ ದುಡ್ಡು ಎಣಿಸಿಕೊಳ್ಳುವವನೂ ಒಬ್ಬನೇ ಯಾಕೆ? ಅವರ ವರದಿ ಇಂಥ ಪ್ರಶ್ನೆಗಳಿಂದಲೇ ತುಂಬಿರುತ್ತದೆ. ಅದು ಹೊರಗಿನ ಜನ ಓದುವುದಕ್ಕೆ ಬರೆದದ್ದಲ್ಲ.

ಇಷ್ಟು ಸುಲಭ. ಕಷ್ಟ ಶುರುವಾಗುವುದು ಕಳ್ಳತನ ಗೋಡೌನಿನಲ್ಲಿ ನಡೆಯದೆ ಮೇಲಿನ ಮಹಡಿಯಲ್ಲಿ ನಡೆದಾಗ.

ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪನಿಯ ಕತೆ ಕೇಳಿ. ತನ್ನ ಗ್ರಾಹಕರ ಕರೆಗಳು ಬೇರೆ ಕಂಪನಿಗಳ ತಂತಿಗಳ ಮೇಲೆ ಹೋದಾಗ ವರ್ಲ್ಡ್‌ಕಾಮ್ ಅವರಿಗೆ ಬಾಡಿಗೆ ಕೊಡಬೇಕಿತ್ತು. ಇದು ಆಯಾ ಕಾಲದ ಖರ್ಚು, ಬಸ್ಸಿಗೆ ಹಾಕಿಸುವ ಡೀಸೆಲ್ ಇದ್ದ ಹಾಗೆ. ವ್ಯಾಪಾರ ಕುಸಿದಾಗ ಕಂಪನಿ ಇದರಲ್ಲಿ ದೊಡ್ಡ ಪಾಲನ್ನು ಖರ್ಚು ಅಂತ ಬರೆಯದೆ ಆಸ್ತಿ ಅಂತ ಬರೆಯಿತು. ಡೀಸೆಲ್ ಹಾಕಿಸಿ ಹೊಸ ಬಸ್ಸು ಕೊಂಡೆವು ಅಂದ ಹಾಗಾಯಿತು. ಖರ್ಚು ಇಳಿಯಿತು, ಲಾಭ ಏರಿತು. 2001ರಲ್ಲೂ 2002ರ ಮೊದಲ ಮೂರು ತಿಂಗಳಲ್ಲೂ ಹೀಗೆ ಸರಿಸಿದ ಮೊತ್ತ ಸುಮಾರು 380 ಕೋಟಿ ಡಾಲರ್.

ಇದು ಅಳತೆಗೆ ಸಿಗದಷ್ಟು ಸಣ್ಣ ಮೊತ್ತವೇನಲ್ಲ ಅಲ್ವಾ? ಹೊರಗಿನ ಆಡಿಟರ್ ಆರ್ಥರ್ ಆಂಡರ್ಸನ್ ಸಂಸ್ಥೆ. ಅದು ಕಂಪ್ಯೂಟರಿನಲ್ಲಿದ್ದ ಮೂಲ ಲೆಡ್ಜರ್ ನೋಡಬೇಕು ಅಂತ ಕೇಳಿತ್ತು, ಕಂಪನಿ ತೋರಿಸಲಿಲ್ಲ. ಆಂಡರ್ಸನ್ ಅದನ್ನು ಆಡಿಟ್ ಸಮಿತಿಗೆ, ಅಂದರೆ ಆಡಿಟ್ ಕೆಲಸದ ಮೇಲೆ ಕಣ್ಣಿಡುವ ನಿರ್ದೇಶಕರ ಗುಂಪಿಗೆ, ಹೇಳಲೂ ಇಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಲೋಪ ಇದು. ಕಾಗದದ ಮೇಲೆ ಪೂರ್ತಿ ಸ್ವತಂತ್ರ ಇದ್ದವರು ಬಾಗಿಲು ಮುಚ್ಚಿದ ಕೂಡಲೇ ಸುಮ್ಮನಾದರು.

ಕಂಡುಹಿಡಿದದ್ದು ಒಳಗಿನವರು. ಇಂಟರ್ನಲ್ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ಪುಟ್ಟ ತಂಡ. ಲೆಕ್ಕಪತ್ರದ ತಪಾಸಣೆ ಅವರ ಪಾಲಿನ ಕೆಲಸವೇ ಆಗಿರಲಿಲ್ಲ, ಅದು ಆಂಡರ್ಸನ್‌ಗೆ ಬಿಟ್ಟದ್ದು. ಬಂಡವಾಳ ವೆಚ್ಚದ ಪಟ್ಟಿ ನೋಡುವಾಗ ಬಿಲ್ಲೇ ಇಲ್ಲದ ಭಾರಿ ನಮೂದುಗಳು ಸಿಕ್ಕವು. ಇಂಥ ಮೋಸ ಗೊತ್ತಾಗುವುದು ಸಾಮಾನ್ಯವಾಗಿ ಹೀಗೇ: ಆಸ್ತಿ ಇದೆ, ಆದರೆ ಅದನ್ನು ಮಾರಿದವರಿಲ್ಲ, ಖರೀದಿ ಆದೇಶ ಇಲ್ಲ, ಮೊತ್ತ ಮಾತ್ರ ಚಿಲ್ಲರೆಯೇ ಇಲ್ಲದ ಇಡಿ ಸಂಖ್ಯೆ.

ಈಗ ತೊಡಕು ನೋಡಿ. ದಿನನಿತ್ಯದ ಆಡಳಿತದಲ್ಲಿ ಕೂಪರ್ ಅವರ ಮೇಲಧಿಕಾರಿ ಕಂಪನಿಯ ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್. ಈ ನಮೂದುಗಳನ್ನು ಮಾಡಿಸಿದ್ದವರೂ ಅವರೇ. ಜೂನ್ 2002ರಲ್ಲಿ ಸಲಿವನ್ "ಈ ಆಡಿಟ್ ಸ್ವಲ್ಪ ಮುಂದೂಡಿ" ಅಂದರು. ಅವರೊಬ್ಬರಿಗೇ ವರದಿ ಕೊಡುವ ವ್ಯವಸ್ಥೆ ಇದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೂಪರ್ ಅವರಿಗೆ ಆಡಿಟ್ ಸಮಿತಿಯ ಅಧ್ಯಕ್ಷರ ಬಳಿ ನೇರವಾಗಿ ಹೋಗುವ ದಾರಿಯೂ ಇತ್ತು. ಹೋದರು. ಜೂನ್ 20ರಂದು ಸಮಿತಿ ಸೇರಿತು, 25ರಂದು ಕಂಪನಿ ಸತ್ಯವನ್ನು ಬಹಿರಂಗ ಮಾಡಿತು, ಜುಲೈ 21ಕ್ಕೆ ದಿವಾಳಿ ಅರ್ಜಿ ಹಾಕಿತು. ಸಲಿವನ್ ಜೈಲಿಗೂ ಹೋದರು.

ನಮ್ಮ ಕಂಪನಿ ಕಾಯ್ದೆ 2013 ಈ ತೊಡಕನ್ನು ಹೇಗೆ ನೋಡುತ್ತದೆ? ಸ್ಟ್ಯಾಚುಟರಿ ಆಡಿಟರ್ ಸುತ್ತ ಅದು ಗಟ್ಟಿ ಬೇಲಿ ಹಾಕಿದೆ. ಅವರನ್ನು ನೇಮಿಸುವವರು ವಾರ್ಷಿಕ ಸಭೆಯಲ್ಲಿ ಸೇರಿದ ಷೇರುದಾರರು, 5 ವರ್ಷಕ್ಕೆ. ನಡುವೆ ತೆಗೆಯಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಷೇರುದಾರರ ವಿಶೇಷ ನಿರ್ಣಯವೂ ಬೇಕು. ಲೆಕ್ಕದ ಪುಸ್ತಕಗಳನ್ನು ಯಾವಾಗ ಬೇಕಾದರೂ ನೋಡುವ ಹಕ್ಕು ಅವರಿಗಿದೆ. ಕಂಪನಿಯ ನೌಕರರು ಈ ಆಡಿಟರ್ ಆಗುವಂತಿಲ್ಲ. ಅದೇ ಕಂಪನಿಗೆ ಇವರು ಇಂಟರ್ನಲ್ ಆಡಿಟ್ ಮಾಡಿಕೊಡುವುದನ್ನೂ 144ನೇ ಸೆಕ್ಷನ್ ತಡೆಯುತ್ತದೆ. ತಾವೇ ಕಟ್ಟಿದ ವ್ಯವಸ್ಥೆಗೆ ತಾವೇ ಅಂಕ ಕೊಡಬಾರದಲ್ಲ, ಅದಕ್ಕೆ.

ಇಂಟರ್ನಲ್ ಆಡಿಟರ್ ಮಾತ್ರ ಸಂಬಳದ ನೌಕರರೇ ಆಗಿರಬಹುದು. ಹೊರಗಿನ ಸಂಸ್ಥೆಯೂ ಆಗಬಹುದು. ನೇಮಿಸುವುದು ನಿರ್ದೇಶಕ ಮಂಡಳಿ, ವರದಿಯೂ ಅಲ್ಲಿಗೇ. ಲಿಸ್ಟೆಡ್ ಕಂಪನಿಯಾದರೆ ನಡುವೆ ಆಡಿಟ್ ಸಮಿತಿ ಇರುತ್ತದೆ. ಇಂಟರ್ನಲ್ ಆಡಿಟ್ ಮುಖ್ಯಸ್ಥರ ನೇಮಕ, ವಜಾ, ಸಂಬಳ ಮೂರನ್ನೂ ಆ ಸಮಿತಿ ಪರಿಶೀಲಿಸಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮವೇ ಹೇಳುತ್ತದೆ. ಕೂಪರ್ ಅವರಂಥವರಿಗೆ ಬೇಕಾದದ್ದು ಇದೇ. ಹಾಗಂತ ದಾರಿ ಇದ್ದ ಮಾತ್ರಕ್ಕೆ ನಡೆಯುತ್ತಾರೆ ಅಂತೇನಿಲ್ಲ. ಸತ್ಯಂ ಎಂಬ ಐಟಿ ಕಂಪನಿಯ ಲೆಕ್ಕಪತ್ರ ವಂಚನೆ ಪ್ರಕರಣದಲ್ಲಿ 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ 10 ಮಂದಿಯಲ್ಲಿ ಹೊರಗಿನ ಆಡಿಟರ್‌ಗಳೂ ಇದ್ದರು, ಇಂಟರ್ನಲ್ ಆಡಿಟ್ ಮುಖ್ಯಸ್ಥರೂ ಇದ್ದರು. ಅವರು ಮೇಲ್ಮನವಿ ಹೋದದ್ದು ಬೇರೆ ಮಾತು.

ನನಗೆ ಜಾಸ್ತಿ ಚಿಂತೆ ಪ್ರೈವೇಟ್ ಕಂಪನಿಗಳದ್ದು. ವಹಿವಾಟು 200 ಕೋಟಿ ಮುಟ್ಟಿದರೆ, ಇಲ್ಲವೇ ಬ್ಯಾಂಕ್ ಸಾಲ 100 ಕೋಟಿ ದಾಟಿದರೆ, ಅಲ್ಲೂ ಇಂಟರ್ನಲ್ ಆಡಿಟ್ ಕಡ್ಡಾಯ. ಆದರೆ ಆಡಿಟ್ ಸಮಿತಿ ಕಡ್ಡಾಯವಲ್ಲ. ಮಂಡಳಿಯಲ್ಲಿ ಅಪ್ಪ, ಮಗ, ಚಿಕ್ಕಪ್ಪ ಕೂತಿರುತ್ತಾರೆ. ಮಗನೇ ಸುಳ್ಳು ಬಿಲ್ಲು ಹಾಕಿ ದುಡ್ಡು ಎಳೆಯುತ್ತಿದ್ದರೆ ಇಂಟರ್ನಲ್ ಆಡಿಟರ್ ವರದಿ ಹೋಗುವುದು ಅವರ ಮೇಜಿಗೇ. ಅಲ್ಲಿಂದ ಆಚೆಗೆ ಕೊಂಡೊಯ್ಯುವ ಹೊಣೆಯನ್ನು ಕಂಪನಿ ಕಾಯ್ದೆ ಇಂಟರ್ನಲ್ ಆಡಿಟರ್ ಮೇಲೆ ಹೊರಿಸಿಲ್ಲ. ಅದೇ ವಂಚನೆ ಸ್ಟ್ಯಾಚುಟರಿ ಆಡಿಟರ್ ಕಣ್ಣಿಗೆ ಬಿದ್ದು, ಮೊತ್ತ 1 ಕೋಟಿ ಅಥವಾ ಮೇಲ್ಪಟ್ಟಿದ್ದರೆ, 2 ದಿನದೊಳಗೆ ಮಂಡಳಿಗೆ ತಿಳಿಸಬೇಕು. ಉತ್ತರಕ್ಕೆ 45 ದಿನ ಕೊಡಬೇಕು. ಉತ್ತರ ಬಂದರೂ ಬರದಿದ್ದರೂ ಆಮೇಲೆ ಕೇಂದ್ರ ಸರ್ಕಾರಕ್ಕೆ ವರದಿ ಹೋಗಲೇಬೇಕು.

ನಮಸ್ಕಾರ.