ಮುಚ್ಚಳದಲ್ಲಿ 5, ಡಯಲ್‌ನಲ್ಲಿ 21

ಕೇಳುಗರೆ, ನಮಸ್ಕಾರ.

ಕೊಪ್ಪಳದಲ್ಲಿ ವಾಚ್ ರಿಪೇರಿ ಮಾಡುತ್ತ ನನಗೆ ಮೂವತ್ತು ವರ್ಷ ಆಗಿದೆ. ಮೊದಲೆಲ್ಲ ವಾಚ್ ನಿಂತರೆ ಜನ ಅಂಗಡಿಗೆ ಬರುತ್ತಿದ್ದರು. ಈಗ ಚೆನ್ನಾಗಿ ನಡೆಯುತ್ತಿರುವ ವಾಚನ್ನೇ ಹಿಡಿದು ಬರುತ್ತಾರೆ. ಮೇಜಿನ ಮೇಲೆ ಇಟ್ಟು, "ಕಾಕಾ, ಇದು ಒರಿಜಿನಲ್ ಐತೇನ್ರಿ?" ಅಂತ ಕೇಳುತ್ತಾರೆ. ಮೊಬೈಲ್‌ನಲ್ಲಿ ನೋಡಿ ಕೊಂಡ ಹಳೆ ವಾಚ್ ಅದು. ದುಡ್ಡು ಆಗಲೇ ಹೋಗಿರುತ್ತದೆ.

ಜಾತ್ರೆ ಮುಗಿದ ವಾರ ಗಂಗಾವತಿಯಿಂದ ಒಬ್ಬ ಹುಡುಗ ಬಂದಿದ್ದ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ಅವನದು. ಕೈಯಲ್ಲಿ ಒಂದು ಸೀಕೊ 5 ಇತ್ತು. ಕಿತ್ತಳೆ ಬಣ್ಣದ ಡಯಲ್, ಮಿರಮಿರ ಮಿಂಚುತ್ತಿತ್ತು. 5,200 ರೂಪಾಯಿ ಕೊಟ್ಟಿದ್ದನಂತೆ. ಮಾರಿದವನು ಬರೆದದ್ದು ಹೀಗೆ: 2005ರ ವಾಚ್, ಜಾಸ್ತಿ ಬಳಸಿಲ್ಲ, ಬಾಕ್ಸ್ ಮತ್ತು ಗ್ಯಾರಂಟಿ ಕಾರ್ಡ್ ಎರಡೂ ಇವೆ. ಹುಡುಗ ಮೊದಲು ಕೊಟ್ಟದ್ದು ಆ ಕಾರ್ಡನ್ನೇ. ನಾನು ಅದನ್ನು ಪಕ್ಕಕ್ಕೆ ಇಟ್ಟು ವಾಚನ್ನು ಬೋರಲು ಹಾಕಿದೆ.

ಇವತ್ತು ಆ ಒಂದು ವಾಚಿನ ಕತೆಯನ್ನೇ ಹೇಳುತ್ತೇನೆ. ನಮ್ಮ ಕಡೆ ಈಗ ಕೈ ಬದಲಾಗುವ ಹಳೆ ವಾಚುಗಳಲ್ಲಿ ಸೀಕೊ 5 ಜಾಸ್ತಿ. ಅದರ ಮೈಮೇಲೆಯೇ ಅದರ ಹುಟ್ಟಿನ ಲೆಕ್ಕ ಬರೆದಿರುತ್ತದೆ. ಓದಲು ಬಂದರೆ ಸಾಕು.

ಹಿಂದಿನ ಮುಚ್ಚಳದ ಮೇಲೆ ಎರಡು ನಂಬರ್ ಇರುತ್ತವೆ. ಒಂದರ ನಡುವೆ ಅಡ್ಡಗೆರೆ ಇರುತ್ತದೆ. ಗೆರೆಗೆ ಮೊದಲಿನ ನಾಲ್ಕು ಅಕ್ಷರ ಒಳಗಿನ ಮಿಷನ್ನಿನ ಹೆಸರು. ಗೆರೆ ಆದಮೇಲಿನವು ಆ ಕೇಸಿನ ಗುರುತು. ಹುಡುಗನ ವಾಚಿನಲ್ಲಿ ಗೆರೆಗೆ ಮೊದಲು 7009 ಅಂತ ಇತ್ತು. ಇನ್ನೊಂದು ನಂಬರ್ ಆರು ಅಕ್ಷರದ್ದು, ಅದೇ ಸೀರಿಯಲ್ ನಂಬರ್. ಅದರ ಮೊದಲ ಅಂಕಿ ವಾಚ್ ತಯಾರಾದ ವರ್ಷದ ಕೊನೆಯ ಅಂಕಿ. ಎರಡನೆಯದು ತಿಂಗಳು. ಜನವರಿಯಿಂದ ಸೆಪ್ಟೆಂಬರ್‌ವರೆಗೆ 1ರಿಂದ 9. ಅಕ್ಟೋಬರ್‌ಗೆ ಓ, ನವೆಂಬರ್‌ಗೆ ಎನ್, ಡಿಸೆಂಬರ್‌ಗೆ ಡಿ ಎಂಬ ಇಂಗ್ಲಿಷ್ ಅಕ್ಷರ.

ಹುಡುಗನ ವಾಚಿನ ಸೀರಿಯಲ್ 5 ಮತ್ತು ಎನ್ ಅಂತ ಶುರುವಾಗುತ್ತಿತ್ತು. ಅಂದರೆ ಐದರಲ್ಲಿ ಮುಗಿಯುವ ಯಾವುದೋ ವರ್ಷದ ನವೆಂಬರ್. "ಮತ್ತೆ 2005 ಸರಿ ಆತಲ್ರಿ" ಅಂದ ಹುಡುಗ. ಮಾರುವವನು ಹಿಡಿದುಕೊಂಡದ್ದೂ ಇದೇ ಎಳೆಯನ್ನು. ಸೀರಿಯಲ್ ನಂಬರ್ ದಶಕ ಹೇಳುವುದಿಲ್ಲ. 1985ಕ್ಕೂ 5, 1995ಕ್ಕೂ 5, 2005ಕ್ಕೂ 5. ದಶಕ ತಿಳಿಯಬೇಕಾದರೆ ಮಿಷನ್ ನೋಡಬೇಕು. 1996ರಲ್ಲಿ 7ಎಸ್26 ಎಂಬ ಹೊಸ ಮಿಷನ್ ಬಂತು. ಸೀಕೊ 5ರಲ್ಲಿ 7009ರ ಜಾಗವನ್ನು ಅದು ಹಿಡಿಯಿತು. ಹಾಗಾಗಿ ಮುಚ್ಚಳದಲ್ಲಿ 7009 ಇದ್ದು ಸೀರಿಯಲ್ 5ರಿಂದ ಶುರುವಾದರೆ ಅದು 1985ರ ಇಲ್ಲವೇ 1995ರ ವಾಚು, 2005ರದ್ದಲ್ಲ. ಮುಚ್ಚಳದ ಮಟ್ಟಿಗೆ ಹುಡುಗನ ವಾಚಿಗೆ ಕಡಿಮೆ ಅಂದರೂ ಹತ್ತು ವರ್ಷ ಜಾಸ್ತಿ ವಯಸ್ಸಾಗಿತ್ತು.

ಹಳೆಯದಾದರೆ ತಪ್ಪೇನಿಲ್ಲ. ಆ ಕಾಲದ ಸೀಕೊ ಇವತ್ತಿಗೂ ಚೆನ್ನಾಗಿ ಓಡುತ್ತದೆ. ಆದರೆ ಅಷ್ಟು ಹಳೆ ವಾಚಿನ ಡಯಲ್ ನಿನ್ನೆ ಬಣ್ಣ ಬಳಿದ ಗೋಡೆಯಂತೆ ಹೇಗೆ ಹೊಳೆಯುತ್ತದೆ?

ಐ-ಗ್ಲಾಸ್ ಕಣ್ಣಿಗೆ ಇಟ್ಟು ನೋಡಿದೆ. ಸೀಕೊ ಡಯಲ್‌ನ ತಳದಲ್ಲಿ, ಆರರ ಗುರುತಿನ ಎರಡೂ ಪಕ್ಕ, ಇರುವೆ ಸಾಲಿನಂತೆ ಸಣ್ಣ ಅಕ್ಷರ ಇರುತ್ತವೆ. ಅಲ್ಲಿಯೂ ಮಿಷನ್ ನಂಬರ್ ಬರೆದಿರುತ್ತಾರೆ. ಗೆರೆಯ ಆಚೆಯ ಅಂಕಿ ಮುಚ್ಚಳದ್ದಕ್ಕಿಂತ ಬೇರೆ ಇರಬಹುದು, ಅದಕ್ಕೆ ಗಾಬರಿ ಬೇಡ. ಮೊದಲ ನಾಲ್ಕು ಅಕ್ಷರ ಸಾಮಾನ್ಯವಾಗಿ ಮುಚ್ಚಳದ ನಂಬರಿಗೆ ಹೊಂದಬೇಕು. ಹುಡುಗನ ಡಯಲ್‌ನಲ್ಲಿ ಆ ಸಾಲೇ ಇರಲಿಲ್ಲ. ಬರೀ ಕಿತ್ತಳೆ ಬಣ್ಣ. ಮೇಲಿನ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿತ್ತು. ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು ಡಯಲ್ ಮೇಲೆ ಹೊಚ್ಚ ಹೊಸ ಹಸಿರು. ಮುಳ್ಳುಗಳ ಮೇಲೆ ಅದೇ ಬಣ್ಣ ಕಂದಾಗಿ ಸತ್ತುಹೋಗಿತ್ತು. ಮುಳ್ಳು ಅಜ್ಜ, ಡಯಲ್ ಮೊಮ್ಮಗ.

ಇನ್ನೊಂದು ಮಾತು ಆ ಡಯಲ್ ಮೇಲೆಯೇ ಇತ್ತು. 21 ಜ್ಯುವೆಲ್ಸ್ ಅಂತ. ಜ್ಯುವೆಲ್ ಅಂದರೆ ಮಿಷನ್ನಿನ ಒಳಗೆ ಚಕ್ರದ ತುದಿಗಳು ತಿರುಗಲು ಕೂರಿಸುವ ಕೆಂಪು ಹರಳು. 7009ರಲ್ಲಿ ಇರುವುದು 17 ಹರಳು. 21 ಇರುವುದು ಆಮೇಲೆ ಬಂದ 7ಎಸ್26ರಲ್ಲಿ. ಬಣ್ಣ ಬಳಿದವನು ಹೊಸ ವಾಚಿನ ಡಯಲ್ ನೋಡಿ ಬರೆದು, ಹಳೆ ವಾಚಿನ ಮೇಲೆ ಕೂರಿಸಿದ್ದ. ಕಳ್ಳ ತಾನೇ ಹೆಜ್ಜೆ ಗುರುತು ಬಿಟ್ಟುಹೋದ ಹಾಗೆ.

ಆಮೇಲೆ ಮುಚ್ಚಳ ತೆಗೆದೆ. ಒಳಗೆ ಕೆಂಪು ಧೂಳು, ಬೆವರಿನ ಉಪ್ಪು. ಜಾಸ್ತಿ ಬಳಸಿಲ್ಲ ಅಂದಿದ್ದನಲ್ಲ! ಕೈ ಆಡಿಸಿದಾಗ ತಿರುಗುವ ಅರ್ಧ ಚಂದ್ರದಂಥ ತೂಕದ ಬಿಲ್ಲೆ ಇರುತ್ತದಲ್ಲ, ಅದಕ್ಕೆ ರೋಟರ್ ಅನ್ನುತ್ತೇವೆ. ಅಲ್ಲಿ 17 ಜ್ಯುವೆಲ್ಸ್ ಅಂತ ಇತ್ತು. ಮಿಷನ್ ನಂಬರ್ 7009ಎ. ಮುಚ್ಚಳ ಮತ್ತು ಮಿಷನ್ ಒಂದೇ ಮಾತು ಹೇಳುತ್ತಿದ್ದವು. ಡಯಲ್ ಒಂದೇ ಸುಳ್ಳು ಹೇಳುತ್ತಿತ್ತು.

ಕೊನೆಗೆ ಆ ಕಾರ್ಡ್ ಎತ್ತಿಕೊಂಡೆ. ಅದರಲ್ಲಿ ಬರೆದಿದ್ದ ಮಿಷನ್ 7ಎಸ್26. ಸೀರಿಯಲ್ ನಂಬರಿನ ಆರು ಅಕ್ಷರದಲ್ಲಿ ಒಂದೂ ಮುಚ್ಚಳದ್ದಕ್ಕೆ ಕೂಡುತ್ತಿರಲಿಲ್ಲ. ಅಂಗಡಿಯ ಸೀಲ್ ಅರ್ಧ ಅಳಿಸಿತ್ತು. ಖಾಲಿ ಬಾಕ್ಸು, ಹಳೆ ಕಾರ್ಡು ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತವೆ. ಆದ್ದರಿಂದ ಕಾರ್ಡ್ ಇದೆ ಅನ್ನುವುದಕ್ಕೆ ಬೆಲೆ ಇಲ್ಲ. ಕಾರ್ಡಿನ ನಂಬರ್ ಮುಚ್ಚಳದ ನಂಬರಿಗೆ ಕೂಡಿದರೆ ಮಾತ್ರ ಅದು ಕಾಗದ. ಇಲ್ಲದಿದ್ದರೆ ಸುಮ್ನೆ ರಟ್ಟು.

ಹುಡುಗ ತನ್ನ ಮೊಬೈಲ್ ತೆಗೆದು ಮಾರಿದವನು ಹಾಕಿದ್ದ ಫೋಟೊ ತೋರಿಸಿದ. ಡಯಲ್‌ದು ನಾಲ್ಕು ಫೋಟೊ, ನಾಲ್ಕೂ ಝಗಮಗ. ಬಾಕ್ಸಿನದು ಎರಡು. ಹಿಂದಿನ ಮುಚ್ಚಳದ್ದು ಒಂದೇ ಒಂದು, ಅದೂ ಮಸುಕು. ಅನುಮಾನ ಅಲ್ಲಿಯೇ ಶುರುವಾಗಬೇಕಿತ್ತು. ಡಯಲ್ ಫೋಟೊ ಅಷ್ಟು ಚೆನ್ನಾಗಿ ತೆಗೆಯುವ ಕ್ಯಾಮೆರಾ ಮುಚ್ಚಳಕ್ಕೆ ಬಂದಾಗ ಮಾತ್ರ ಮಂಜಾಗುತ್ತದೆಯೇ? ಕೆಲವರು ಸೀರಿಯಲ್ ನಂಬರನ್ನು ಬೆರಳಿನಿಂದ ಮುಚ್ಚುತ್ತಾರೆ. ಕೊನೆಯ ಎರಡು ಮೂರು ಅಂಕಿ ಮುಚ್ಚಿದರೆ ಒಪ್ಪೋಣ, ನಂಬರ್ ಕದಿಯುವವರು ಇರುತ್ತಾರೆ. ಮೊದಲ ಎರಡು ಅಕ್ಷರ ಮುಚ್ಚಿದರೆ ಅವನು ಮುಚ್ಚುತ್ತಿರುವುದು ವಯಸ್ಸನ್ನು.

ದುಡ್ಡು ಕೊಡುವ ಮೊದಲು ನಾನಾದರೆ ಮೂರು ಫೋಟೊ ಕೇಳುತ್ತೇನೆ. ಬೆಳಕಿಗೆ ಓರೆಯಾಗಿ ಹಿಡಿದ ಮುಚ್ಚಳ, ಏಕೆಂದರೆ ನೇರವಾಗಿ ತೆಗೆದರೆ ಸ್ಟೀಲ್ ಹೊಳೆದು ಅಕ್ಷರ ಕಾಣುವುದಿಲ್ಲ. ಡಯಲ್‌ನ ತಳ, ಆರರ ಹತ್ತಿರ, ಎಷ್ಟು ಸಾಧ್ಯವೋ ಅಷ್ಟು ಹತ್ತಿರದಿಂದ. ಮುಚ್ಚಳ ತೆಗೆದ ಮಿಷನ್. ಮೂರರಲ್ಲೂ ವಾಚಿನ ಪಕ್ಕ ಒಂದು ಚೀಟಿ ಇರಬೇಕು, ಅದರ ಮೇಲೆ ಆ ದಿನದ ತಾರೀಖು ಮತ್ತು ನನ್ನ ಊರಿನ ಹೆಸರು ಕೈಯಲ್ಲಿ ಬರೆದಿರಬೇಕು. ಬೇರೆಯವರ ಫೋಟೊ ಕದ್ದು ಹಾಕಿದವನಿಗೆ ಈ ಚೀಟಿ ಬರೆಯಲು ಆಗುವುದಿಲ್ಲ. "ಮುಚ್ಚಳ ತೆಗೆದರೆ ಸೀಲ್ ಹೋಗುತ್ತದೆ" ಅಂತ ಒಬ್ಬರು ಹೇಳುತ್ತಾರೆ. ಮೂವತ್ತು ನಲವತ್ತು ವರ್ಷದ ವಾಚಿನಲ್ಲಿ ಯಾವ ಸೀಲ್ ಉಳಿದಿರುತ್ತದೆ? ರಬ್ಬರ್ ರಿಂಗ್ ಎಂದೋ ಡಾಂಬರ್ ಆಗಿರುತ್ತದೆ. ಯಾವ ಊರಿನ ರಿಪೇರಿಯವನಾದರೂ ಐದು ನಿಮಿಷದಲ್ಲಿ ತೆಗೆದು ಹಾಕುತ್ತಾನೆ.

ಒಂದು ಸಣ್ಣ ವಿಡಿಯೋ ಕೂಡ ಕೇಳಿ. ಅದರಲ್ಲಿ ಕೀಲಿ ತಿರುಗಿಸಿ ತೋರಿಸಲಿ. 7009 ಮತ್ತು 7ಎಸ್26 ಎರಡಕ್ಕೂ ಕೈಯಿಂದ ಕೀಲಿ ಕೊಡಲು ಬರುವುದಿಲ್ಲ. ಕೈ ಆಡಿದಾಗ ಮಾತ್ರ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕೀಲಿ ಪೂರ್ತಿ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಮುಚ್ಚಳದಲ್ಲಿ 7009 ಇದ್ದು, ಕೀಲಿ ಎಳೆದ ಕೂಡಲೇ ಸೆಕೆಂಡ್ ಮುಳ್ಳು ಟಕ್ ಅಂತ ನಿಂತರೆ ಒಳಗೆ ಬೇರೆ ಮಿಷನ್ ಹಾಕಿದ್ದಾರೆ ಅಂತ ಅರ್ಥ. 2011ರಿಂದ ಬಂದ 4ಆರ್36 ಎಂಬ ಮಿಷನ್ ಎರಡೂ ಮಾಡುತ್ತದೆ, ಅದು ಬೇರೆ ಮಾತು. ಸೆಕೆಂಡ್ ಮುಳ್ಳು ಸೆಕೆಂಡಿಗೆ ಒಮ್ಮೆ ಜಿಗಿದರಂತೂ ಒಳಗೆ ಸೆಲ್ ಇದೆ. ಈ ಹಳೆ ಮಿಷನ್‌ಗಳಲ್ಲಿ ಅದು ಸೆಕೆಂಡಿಗೆ ಆರು ಸಣ್ಣ ಹೆಜ್ಜೆ ಇಡುತ್ತದೆ, ಕಣ್ಣಿಗೆ ಜಾರಿದಂತೆ ಕಾಣುತ್ತದೆ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ನಂಬರ್ ಎಲ್ಲ ಕೂಡಿದರೂ ಡಯಲ್ ಹಳೆಯದೇ ಅನ್ನಲು ಆಗುವುದಿಲ್ಲ. ಜಾಣ ಬಣ್ಣಗಾರ ತಳದ ಸಣ್ಣ ಸಾಲನ್ನೂ ಅಚ್ಚು ಹಾಕುತ್ತಾನೆ. ಅಲ್ಲಿ ಅಕ್ಷರದ ಅಂಚು ಮತ್ತು ಮುಳ್ಳಿನ ಬಣ್ಣವೇ ಗತಿ. ಎಚ್‌ಎಂಟಿ ವಾಚಿಗೆ ಈ ಸೀರಿಯಲ್ ಲೆಕ್ಕ ನಡೆಯುವುದೇ ಇಲ್ಲ, ಇದು ಸೀಕೊದ್ದು. ಇನ್ನೊಂದು ಕಡೆ, ಡಯಲ್ ಬದಲಾದದ್ದೆಲ್ಲ ಮೋಸವೂ ಅಲ್ಲ. ನೀರು ಹೋಗಿ ಕೆಟ್ಟ ಡಯಲ್‌ಗಳನ್ನು ನಾನೇ ಎಷ್ಟೋ ಬದಲಿಸಿದ್ದೇನೆ. ಅದನ್ನು ಹೇಳಿ ಮಾರಿದರೆ ವ್ಯಾಪಾರ. ಹೇಳದೆ, 2005ರ ಒರಿಜಿನಲ್ ಅಂದರೆ ಮೋಸ.

ಹುಡುಗ ಮಾರಿದವನಿಗೆ ಫೋನ್ ಮಾಡಿದ. ಮೊದಲ ಸಲ ರಿಂಗ್ ಆಯಿತು, ಎರಡನೇ ಸಲ ಸ್ವಿಚ್ ಆಫ್. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಂಡಿದ್ದರೆ ದೂರು ಕೊಡಲು ಒಂದು ಹಿಡಿತ ಇರುತ್ತಿತ್ತು. ಮಾಡಿರಲಿಲ್ಲ. ಬೇಜಾರಾಗಿ ಸುಮಾರು ಹೊತ್ತು ಬೆಂಚಿನ ಮೇಲೆ ಕೂತಿದ್ದ.

"ಕಾಕಾ, ಇದಕ್ಕ ಎಷ್ಟು ಕೊಡಬೇಕಿತ್ತು?" ಅಂತ ಕೇಳಿದ.

"ನಿಜ ಹೇಳಿ ಮಾರಿದ್ರ ನಾನು ಸಾವಿರದ ಐನೂರಕ್ಕ ಮೇಲೆ ಕೊಡ್ತಿರಲಿಲ್ಲಪ್ಪಾ. ಆದ್ರ ಮಿಷನ್ ಗಟ್ಟಿ ಐತಿ, ಅದು ಸುಳ್ಳಲ್ಲ" ಅಂದೆ.

ವಾಚ್ ಬಿಟ್ಟುಹೋಗು ಅಂದೆ. ಮಿಷನ್ ಬಿಚ್ಚಿ ತೊಳೆದೆ, ಎಣ್ಣೆ ಹಾಕಿದೆ, ಹೊಸ ರಬ್ಬರ್ ರಿಂಗ್ ಕೂರಿಸಿದೆ. ಡಯಲ್ ಮುಟ್ಟಲಿಲ್ಲ. ಹೋದ ತಿಂಗಳು ಮತ್ತೆ ಬಂದಿದ್ದ, ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತಿದೆ ಅಂತ. ಸರಿ ಮಾಡಿ ಕೊಟ್ಟೆ. ಅವನ ಜೊತೆ ಬಂದಿದ್ದ ಗೆಳೆಯ ತನ್ನ ಮೊಬೈಲ್ ಚಾಚಿ ಒಂದು ವಾಚ್ ತೋರಿಸಿ ಹೆಂಗೈತಿ ಅಂತ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹುಡುಗ ಅಂದ: "ಮೊದ್ಲು ಹಿಂದಿನ ಫೋಟೊ ಕೇಳಲೇ."