ಮೀನಿನ ಮೇಲೆ ಹಾಲು, ರಾತ್ರಿಗೆ ಮೊಸರು

ಕೇಳುಗರಿಗೆ ನಮಸ್ಕಾರ.

ಮೀನು ತಿಂದ ಮೇಲೆ ಹಾಲು ಕುಡಿಯಬಾರದು, ಕುಡಿದರೆ ತೊನ್ನು ಬರುತ್ತದೆ, ಮೈಯೆಲ್ಲ ದದ್ದು ಏಳುತ್ತದೆ. ರಾತ್ರಿ ಮೊಸರು ತಿನ್ನಬಾರದು, ಕಫ ಕಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಈ ಎರಡು ಮಾತು ಕೇಳದೆ ಬೆಳೆದ ಮಕ್ಕಳಿಲ್ಲ. ಇವತ್ತು ನನಗೆ ಕೊಟ್ಟ ಸಮಯದಲ್ಲಿ ಹೆಚ್ಚಿನ ಪಾಲು ಮೀನಿಗೆ. ಮೊಸರಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಒಂದು ಮಾತು. ಮಧ್ಯಾಹ್ನ ಮೀನೂಟ ಮಾಡಿ, ನಾಲ್ಕು ಗಂಟೆಗೆ ಹಾಲು ಹಾಕಿದ ಚಾ ಕುಡಿಯದ ಮನೆ ಉಡುಪಿಯಲ್ಲಿ, ಮಂಗಳೂರಿನಲ್ಲಿ ಎಷ್ಟಿದೆ ಹೇಳಿ? ಮೀನು ಹೊಟ್ಟೆಯಿಂದ ಪೂರ್ತಿ ಇಳಿಯುವ ಮೊದಲೇ ಹಾಲೂ ಅಲ್ಲಿಗೆ ತಲುಪುತ್ತದೆ. ಬಂಗಾಳದವರು ಮೊಸರಿನಲ್ಲೇ ಮೀನು ಬೇಯಿಸಿ ದೋಯಿ ಮಾಛ್ ಮಾಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹೊಗೆ ಹಾಕಿದ ಮೀನನ್ನು ಹಾಲಿನಲ್ಲಿ ಕುದಿಸಿ ಸೂಪ್ ಮಾಡುತ್ತಾರೆ. ಅವರ ಚರ್ಮ ನಮ್ಮ ಚರ್ಮದ ಹಾಗೆಯೇ ಇದೆ.

ಹಾಗಾದರೆ ದದ್ದು ಎದ್ದದ್ದು ಸುಳ್ಳೇ? ಸುಳ್ಳಲ್ಲ. ಎದ್ದದ್ದು ನಿಜ, ಹಿಡಿದ ಕಳ್ಳ ಬೇರೆ. ಇದನ್ನು ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಇಂಥದೊಂದು ಮನೆ ಇದೆ ಎಂದು ಇಟ್ಟುಕೊಳ್ಳಿ.

ಭಾನುವಾರ. ಭಾವ ಊಟಕ್ಕೆ ಬರುತ್ತಾರೆ. ಮನೆಯವರು ಬೆಳಿಗ್ಗೆ ಒಂಬತ್ತೂವರೆಗೆ ಮಾರುಕಟ್ಟೆಯಲ್ಲಿ ಎರಡು ಕಿಲೋ ಬಂಗುಡೆ, ಮಕ್ಕಳಿಗೆಂದು ಅರ್ಧ ಕಿಲೋ ಕಾಣೆ ತೆಗೆದುಕೊಂಡರು. ಪ್ಲಾಸ್ಟಿಕ್ ಚೀಲವನ್ನು ಸ್ಕೂಟರಿನ ಕೊಕ್ಕೆಗೆ ನೇತು ಹಾಕಿ, ದಾರಿಯಲ್ಲಿ ತರಕಾರಿ ತೆಗೆದು, ಒಬ್ಬರ ಹತ್ತಿರ ಮಾತಾಡಿ ಮನೆ ಮುಟ್ಟುವಾಗ ಹನ್ನೊಂದು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಕೆಲಸ ನಡೆದಿತ್ತು, ಮೀನು ಕಟ್ಟೆಯ ಮೇಲೆ ಕೂತಿತು. ಹನ್ನೆರಡಕ್ಕೆ ಕೊಯ್ದರು. ತವಾದಲ್ಲಿ ಹುರಿಯುವ ತುಂಡುಗಳಿಗೆ ಮಸಾಲೆ ಹಚ್ಚಿ, ಚೆನ್ನಾಗಿ ಹಿಡಿಯಲಿ ಎಂದು ಇನ್ನೊಂದು ಗಂಟೆ ಹೊರಗೇ ಇಟ್ಟರು. ಒಂದೂವರೆಗೆ ಊಟ: ಕುಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಬಂಗುಡೆ ಫ್ರೈ, ಕಾಣೆ ಫ್ರೈ. ಕೊನೆಗೆ ಭಾವನಿಗೆ ಇಷ್ಟ ಎಂದು ದನದ ಹಾಲಿನ ಶಾವಿಗೆ ಪಾಯಸ.

ಎರಡು ಗಂಟೆಗೆ ಭಾವನ ಮುಖ ಕೆಂಪೇರಿತು. ಕುತ್ತಿಗೆ, ಎದೆ ಬಿಸಿ. ತಲೆ ಸಿಡಿಯುತ್ತದೆ, ನಾಲಿಗೆಯಲ್ಲಿ ಕಾಳುಮೆಣಸು ಕಚ್ಚಿದ ಹಾಗೆ ಚುರುಚುರು, ತೋಳಿನ ಮೇಲೆ ದದ್ದು. ಅತ್ತೆ ತಕ್ಷಣ ಹೇಳಿದರು: "ನಾನು ಹೇಳಿದ್ದೆನಲ್ಲ, ಮೀನಿನ ಮೇಲೆ ಪಾಯಸ ಬೇಡ ಅಂತ!"

ಇಲ್ಲಿ ಸ್ವಲ್ಪ ನಿಲ್ಲಿ. ಯಾರು ಏನು ತಿಂದರು, ಯಾರಿಗೆ ಏನಾಯಿತು, ಅದನ್ನು ಬರೆದು ನೋಡಿ. ಭಾವ ನಾಲ್ಕು ತುಂಡು ಬಂಗುಡೆ ತಿಂದಿದ್ದರು, ಪಾಯಸವನ್ನೂ ಕುಡಿದಿದ್ದರು. ದದ್ದು ಎದ್ದಿತು. ಅಕ್ಕನಿಗೆ ಸಕ್ಕರೆ ಕಾಯಿಲೆ, ಪಾಯಸ ಮುಟ್ಟಲಿಲ್ಲ. ಬಂಗುಡೆ ತಿಂದಿದ್ದರು. ಅವರ ಮುಖವೂ ಕೆಂಪಾಗಿತ್ತು, ತಲೆನೋವೂ ಬಂದಿತ್ತು. ಬಿಸಿಲಿಗೆ ಇರಬೇಕು ಎಂದು ಸುಮ್ಮನಿದ್ದರು, ಅಷ್ಟೆ. ಅಜ್ಜಿಗೆ ಅವತ್ತು ವ್ರತ, ಮೀನಿಲ್ಲ. ಪಾಯಸ ಎರಡು ಲೋಟ. ಏನೂ ಆಗಲಿಲ್ಲ. ಮಕ್ಕಳಿಬ್ಬರು ಕಾಣೆ ಫ್ರೈ ತಿಂದು ಪಾಯಸ ಕುಡಿದರು. ಮೀನೂ ಆಯಿತು, ಹಾಲೂ ಆಯಿತು, ಅವರು ಅಂಗಳದಲ್ಲಿ ಆಡುತ್ತಿದ್ದರು.

ಈಗ ಹೇಳಿ. ಹಾಲು ಕುಡಿಯದ ಅಕ್ಕನಿಗೆ ಆದದ್ದು, ಮೀನಿನ ಜೊತೆ ಹಾಲು ಕುಡಿದ ಮಕ್ಕಳಿಗೆ ಆಗದೆ ಹೋದದ್ದು ಯಾಕೆ? ತೊಂದರೆಯಾದ ಇಬ್ಬರೂ ತಿಂದದ್ದು ಬಂಗುಡೆ. ಹಾಲನ್ನು ಪಕ್ಕಕ್ಕಿಡಿ, ಬಂಗುಡೆಯ ಗಂಟೆ ಎಣಿಸಿ. ಮಾರುಕಟ್ಟೆಯಿಂದ ತವಾದವರೆಗೆ ಸುಮಾರು ಮೂರೂವರೆ ಗಂಟೆ, ಐಸಿಲ್ಲದೆ, ಮೂವತ್ತು ಡಿಗ್ರಿ ಸೆಖೆಯಲ್ಲಿ. ಮಾರುಕಟ್ಟೆಗೆ ಬರುವ ಮೊದಲು ಎಷ್ಟು ಹೊತ್ತಾಗಿತ್ತೋ, ಅದು ಬೇರೆ.

ಒಳಗೆ ನಡೆದದ್ದು ಇಷ್ಟು. ಬಂಗುಡೆ, ಬೂತಾಯಿ, ಕೇದರ್‌ನಂಥ ಕಪ್ಪು ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಅದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಮೀನಿನ ಕಿವಿರಿನಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಮೀನು ಸತ್ತ ಮೇಲೆ ಅವು ಮಾಂಸಕ್ಕೆ ಹರಡಿ, ಹಿಸ್ಟಿಡಿನನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ನಾಲ್ಕು ಡಿಗ್ರಿಗಿಂತ ತಣ್ಣಗಿದ್ದರೆ ಈ ಕೆಲಸ ಬಹಳ ನಿಧಾನ. ಸೆಖೆಯಲ್ಲಿ ಕೆಲವೇ ಗಂಟೆ ಸಾಕು. ನಮ್ಮ ದೇಹಕ್ಕೆ ಅಲರ್ಜಿಯಾದಾಗ ಚರ್ಮದಲ್ಲಿ ಬಿಡುಗಡೆಯಾಗುವುದೂ ಇದೇ ಹಿಸ್ಟಮಿನ್. ಇಲ್ಲಿ ಅದನ್ನು ತಟ್ಟೆಯಿಂದಲೇ ತಿಂದಂತಾಯಿತು. ಅದಕ್ಕೇ ದದ್ದು. ಕಾಣೆ, ನಂಗ್‌ನಂಥ ಬಿಳಿ ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಕಡಿಮೆ, ಹಾಗಾಗಿ ಮಕ್ಕಳು ಪಾರಾದರು.

"ಚೆನ್ನಾಗಿ ಕುದಿಸಿದ್ದೆವಲ್ಲ" ಎನ್ನುತ್ತೀರಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಅವು ಮಾಡಿಟ್ಟ ಹಿಸ್ಟಮಿನ್ ಸಾಯುವುದಿಲ್ಲ. ಗರಿಗರಿ ಹುರಿದರೂ ಇಲ್ಲ, ಕುಕ್ಕರಿನಲ್ಲಿ ಹಾಕಿದರೂ ಇಲ್ಲ, ಹುಳಿ ಹಿಂಡಿದರೂ ಇಲ್ಲ. ಮೂಸಿ ನೋಡಿದರೆ ಗೊತ್ತಾಗುತ್ತದೆ ಎನ್ನುವ ಧೈರ್ಯವೂ ಬೇಡ. ವಾಸನೆ ಬಾರದ ಮೀನಿನಲ್ಲೂ ಹಿಸ್ಟಮಿನ್ ಏರಿರಬಹುದು, ಒಂದೇ ಚೀಲದ ಒಂದು ಬಂಗುಡೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಬಹುದು. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಇಂಥ ಮೀನಿಗೆ ಕಿಲೋಗೆ 200 ಮಿಲಿಗ್ರಾಂ ಎಂಬ ಗಡಿ ಇದೆ. ಅಡುಗೆಮನೆಯಲ್ಲಿ ಅದನ್ನು ಅಳೆಯಲು ಸಾಧ್ಯವೇ? ಗಂಟೆ ಎಣಿಸಲು ಸಾಧ್ಯ.

ಆದ್ದರಿಂದ ಪೇಟೆಗೆ ಹೋಗುವಾಗ ಒಂದು ಮುಚ್ಚಳದ ಡಬ್ಬ ತೆಗೆದುಕೊಂಡು ಹೋಗಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್, ಅಡಿಗೆ ಒಂದು ಪದರ, ಮೇಲೆ ಒಂದು ಪದರ. ಮೀನು ಕಡೆಯಲ್ಲಿ ಕೊಳ್ಳಿ, ತರಕಾರಿ ಮೊದಲು. ಮನೆಗೆ ಬಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆದು ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಿನ ಕಡೆಯಲ್ಲಿ ಬೇಡ. ಮಸಾಲೆ ಹಚ್ಚಿದ ತುಂಡುಗಳೂ ಫ್ರಿಜ್ಜಿನಲ್ಲೇ ಕೂರಬೇಕು. ಮಸಾಲೆ ಅಲ್ಲಿಯೂ ಹಿಡಿಯುತ್ತದೆ ಮಾರಾಯ್ರೆ, ಕಟ್ಟೆಯ ಮೇಲೆಯೇ ಹಿಡಿಯಬೇಕೆಂದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಬರುವ ಮೀನಿನಲ್ಲಿ ದೂರದಿಂದ ಲಾರಿಯಲ್ಲಿ ಬಂದದ್ದೂ ಬಹಳ. ಆ ಎರಡು ತಿಂಗಳು ಬಂಗುಡೆಗೆ ಐಸ್ ಇದೆಯೇ ಎಂದು ಮುಟ್ಟಿ ನೋಡಿಯೇ ಕೊಳ್ಳಿ.

ಆದರೂ ಹೀಗಾದರೆ? ಸಾಮಾನ್ಯವಾಗಿ ಊಟವಾದ ಕೆಲವು ನಿಮಿಷದಿಂದ ಒಂದು ಗಂಟೆಯೊಳಗೆ ಶುರುವಾಗುತ್ತದೆ, ಒಂದು ದಿನದೊಳಗೆ ತಾನೇ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ತುಟಿ, ನಾಲಿಗೆ ಊದಿಕೊಂಡರೆ, ತಲೆ ತಿರುಗಿ ಬಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ವೈದ್ಯರ ಹತ್ತಿರ "ಮೀನಿನ ಮೇಲೆ ಹಾಲು ಕುಡಿದೆ" ಎಂದರೆ ಅವರಿಗೆ ಉಪಯೋಗವಿಲ್ಲ. ಯಾವ ಮೀನು, ಎಷ್ಟು ಗಂಟೆಗೆ ತಂದದ್ದು, ಜೊತೆಗೆ ಉಂಡ ಇನ್ಯಾರಿಗೆ ಆಯಿತು ಎಂದು ಹೇಳಿ. ಇಬ್ಬರು ಮೂವರಿಗೆ ಒಟ್ಟಿಗೆ ಆದರೆ ಸಂಶಯ ಹಿಸ್ಟಮಿನ್ ಮೇಲೆ. ಒಬ್ಬರಿಗೇ, ತಾಜಾ ಮೀನು ಚೂರು ತಿಂದರೂ ಪ್ರತಿ ಸಲ ಆದರೆ ಅದು ಮೀನಿನ ಅಲರ್ಜಿ ಇರಬಹುದು, ಪರೀಕ್ಷೆ ಮಾಡಿಸಬೇಕು.

ಸಮಯ ಓಡುತ್ತಿದೆ. ತೊನ್ನಿನ ವಿಷಯ ಬೇಗ ಹೇಳುತ್ತೇನೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ತಿಳಿದು ಕೊಲ್ಲುವುದರಿಂದ ತೊನ್ನು ಬರುತ್ತದೆ. ಊಟದಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ತಲೆಮಾರುಗಳಿಂದ ಮೀನು ಮುಟ್ಟದ ಮನೆಗಳಲ್ಲೂ ತೊನ್ನು ಇದೆಯಲ್ಲ, ಅವರಿಗೆ ಯಾವ ಮೀನು, ಯಾವ ಹಾಲು? ನಮ್ಮ ಸೆಖೆಯಲ್ಲಿ ಎದೆ, ಬೆನ್ನು, ಕುತ್ತಿಗೆಯ ಮೇಲೆ ತಿಳಿಬಣ್ಣದ ಚುಕ್ಕೆಗಳೇಳುವ ಸಿಬ್ಬು ಬೇರೆ. ಅದು ಚರ್ಮದ ಮೇಲೆ ಬೆಳೆಯುವ ಫಂಗಸ್. ಉಗುರಿನಿಂದ ಮೆಲ್ಲಗೆ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ಔಷಧಿಗೆ ವಾಸಿಯಾಗುತ್ತದೆ, ಬಣ್ಣ ಮರಳಲು ಮಾತ್ರ ಕೆಲವು ವಾರ, ತಿಂಗಳು ಬೇಕು. ತೊನ್ನಿನಲ್ಲಿ ಹೊಟ್ಟಿಲ್ಲ, ಬಿಳುಪು ಅಚ್ಚ ಬಿಳುಪು. ಎರಡಕ್ಕೂ ಚರ್ಮದ ವೈದ್ಯರಿದ್ದಾರೆ.

ಇನ್ನು ರಾತ್ರಿಯ ಮೊಸರು. ಚರಕ ಸಂಹಿತೆ ರಾತ್ರಿ ಮೊಸರು ಬೇಡ ಎನ್ನುತ್ತದೆ, ನಿಜ. ತುಪ್ಪ, ಸಕ್ಕರೆ, ಹೆಸರುಕಾಳಿನ ಸಾರು, ಜೇನು, ನೆಲ್ಲಿಕಾಯಿ ಇಂಥದ್ದೇನೂ ಸೇರಿಸದೆ ಬರಿ ಮೊಸರು ಬೇಡ ಎಂದೂ ಅಲ್ಲೇ ಹೇಳಿದೆ. ಮೊದಲ ಮಾತು ಎಲ್ಲರಿಗೂ ನೆನಪಿದೆ, ಎರಡನೆಯದು ಯಾರಿಗೂ ಇಲ್ಲ. ಕಫದ ಬಗ್ಗೆ ಪರೀಕ್ಷೆ ಆಗಿದೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 60 ಆರೋಗ್ಯವಂತರಿಗೆ ನೆಗಡಿಯ ವೈರಸ್ ಕೊಟ್ಟು, ಅವರ ಮೂಗಿನ ಸಿಂಬಳವನ್ನು ತೂಗಿಯೇ ನೋಡಿದರು. ಹಾಲು, ಹಾಲಿನ ತಿನಿಸು ಹೆಚ್ಚು ತಿಂದವರಲ್ಲಿ ಸಿಂಬಳ ಹೆಚ್ಚಾಗಲಿಲ್ಲ. ಹಾಲು ಎಂಜಲಿನ ಜೊತೆ ಬೆರೆತು ಗಂಟಲಿಗೆ ಸ್ವಲ್ಪ ದಪ್ಪ ಪದರ ಬಂದ ಹಾಗೆ ತೋರುತ್ತದೆ, ಅದನ್ನೇ ಕಫ ಎನ್ನುತ್ತೇವೆ.

ಇಲ್ಲಿಯೂ ಗಂಟೆ ಎಣಿಸಬೇಕು. ರಾತ್ರಿ ಹತ್ತಕ್ಕೆ ಹೆಪ್ಪು ಹಾಕಿದ ಮೊಸರು ಬೆಳಿಗ್ಗೆ ಆರಕ್ಕೆ ಗಟ್ಟಿಯಾಯಿತು. ಅದನ್ನು ಕಟ್ಟೆಯ ಮೇಲೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬಡಿಸಿದರೆ ನಮ್ಮ ಸೆಖೆಯಲ್ಲಿ ಹದಿನೈದು ಗಂಟೆ ಹುಳಿಯುತ್ತಲೇ ಇತ್ತು. ಅಂಥ ಹುಳಿ ಮೊಸರನ್ನು ಎರಡು ಸೌಟು ಅನ್ನಕ್ಕೆ ಕಲಸಿ ಉಂಡು ಹತ್ತು ನಿಮಿಷಕ್ಕೆ ಮಲಗಿದರೆ, ಎದೆಯುರಿ ಇರುವವರಿಗೆ ಹುಳಿ ಗಂಟಲಿಗೆ ಬಂದು ಕೆಮ್ಮು ಶುರುವಾಗಬಹುದು. ಬೆಳಿಗ್ಗೆ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಊಟ ಮಲಗುವ ಎರಡು ಗಂಟೆ ಮೊದಲು ಮುಗಿಯಲಿ, ಮೊಸರು ಒಂದು ಸಣ್ಣ ಬಟ್ಟಲು ಸಾಕು. ಅಷ್ಟಾದರೂ ಎದೆಯುರಿ ಬರುವವರು ಮೊಸರನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಉಳಿದವರಿಗೆ ರಾತ್ರಿ ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಚೂರು ಶುಂಠಿ, ಉಪ್ಪು ಹಾಕಿದ ಮಜ್ಜಿಗೆಗೆ ಯಾವ ಅಡ್ಡಿಯೂ ಇಲ್ಲ. ಮೀನೂಟದ ಕೊನೆಯಲ್ಲೂ ಕುಡಿಯಬಹುದು, ಬಂಗುಡೆ ಐಸಿನಲ್ಲಿ ಬಂದಿದ್ದರೆ.

ನಮಸ್ಕಾರ.