ಅಂಗಡಿಯಲ್ಲಿ ಯಾವ ಕೆಲಸ ಮೊದಲು? ತಡವಾದರೆ ಎಷ್ಟು ರೂಪಾಯಿ ಹೋಗುತ್ತದೆ ಎಂದು ಕೇಳಿ

ನಮಸ್ಕಾರ. ದಿನಸಿ ಅಂಗಡಿ ಇಟ್ಟಿರುವ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದಾರೆ. "ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತರವರೆಗೂ ಪುರುಸೊತ್ತಿಲ್ಲ. ಆದರೂ ಮಲಗುವಾಗ ನೋಡಿದರೆ ಮಾಡಲೇಬೇಕಿದ್ದ ಕೆಲಸ ಹಾಗೇ ಉಳಿದಿರುತ್ತದೆ. ಈ ತುರ್ತು, ಮುಖ್ಯ ಅಂತ ನಾಲ್ಕು ಚೌಕ ಹಾಕುತ್ತಾರಲ್ಲ, ಅದು ನನ್ನಂಥವನಿಗೆ ಆಗುತ್ತದಾ?"

ಆಗುತ್ತದೆ. ಆದರೆ ಆಫೀಸಿನವರಿಗೆ ಹೇಳಿಕೊಡುವ ಹಾಗೆ ಹೇಳಿದರೆ ಆಗುವುದಿಲ್ಲ.

[ತೆರೆಯ ಮೇಲೆ: ನಾಲ್ಕು ಚೌಕಗಳ ಚಿತ್ರ]

ಚೌಕ ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ತುರ್ತೂ ಹೌದು, ಮುಖ್ಯವೂ ಹೌದು ಎನ್ನುವ ಕೆಲಸ ಈಗಲೇ. ಮುಖ್ಯ, ಆದರೆ ತುರ್ತಲ್ಲ ಎನ್ನುವುದಕ್ಕೆ ಸಮಯ ಗೊತ್ತುಮಾಡಿ ಇಡಬೇಕು. ತುರ್ತು, ಆದರೆ ಅಷ್ಟೇನೂ ಮುಖ್ಯವಲ್ಲ ಎನ್ನುವುದನ್ನು ಬೇರೆಯವರಿಗೆ ಒಪ್ಪಿಸಬೇಕು. ಎರಡೂ ಅಲ್ಲದ್ದನ್ನು ಬಿಡಬೇಕು. ಇದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರು ಅಂಟಿಕೊಂಡಿದೆ. 1954ರ ಆಗಸ್ಟ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಅವರು ತುರ್ತು ಮತ್ತು ಮುಖ್ಯ ಎಂಬ ಎರಡು ಬಗೆಯ ಸಮಸ್ಯೆಗಳ ಮಾತು ಎತ್ತಿದ್ದರು. ಅದು ತಮ್ಮ ಮಾತಲ್ಲ, ಹಿಂದೆ ಕಾಲೇಜೊಂದರ ಅಧ್ಯಕ್ಷರಾಗಿದ್ದವರು ಹೇಳಿದ್ದು ಎಂದೂ ಅಲ್ಲೇ ಹೇಳಿದರು. ಚೌಕ ಹಾಕಿದವರು ಆಮೇಲಿನವರು.

ಈಗ ಅಂಗಡಿಗೆ ಬರೋಣ. ಗಲ್ಲಾದ ಮುಂದೆ ಕೂತವರಿಗೆ ತುರ್ತು ಎಲ್ಲಿಂದ ಬರುತ್ತದೆ? ಎದುರಿಗೆ ಯಾರೋ ನಿಂತಿರುವುದರಿಂದ. ಗಿರಾಕಿ ನಿಂತಿದ್ದಾರೆ, ಸೇಲ್ಸ್‌ಮನ್ ನಿಂತಿದ್ದಾರೆ, ಫೋನ್ ಹೊಡೆದುಕೊಳ್ಳುತ್ತಿದೆ. ಮುಖ್ಯವಾದದ್ದಕ್ಕೆ ಬಾಯಿಯೇ ಇಲ್ಲ. ಅವಧಿ ಮುಗಿಯುತ್ತಿರುವ ಮಸಾಲೆ ಪ್ಯಾಕೆಟ್ ರ್ಯಾಕಿನ ಹಿಂದೆ ಸುಮ್ನೆ ಕೂತಿರುತ್ತದೆ. ಉದ್ರಿ ಪುಸ್ತಕ ಡ್ರಾಯರಿನಲ್ಲಿರುತ್ತದೆ.

ಇದರ ಬಗ್ಗೆ 2018ರಲ್ಲಿ ಝು, ಯಾಂಗ್ ಮತ್ತು ಶೀ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಜನರ ಮುಂದೆ ಎರಡು ಕೆಲಸ ಇಟ್ಟರು. ಒಂದಕ್ಕೆ ಕಡಿಮೆ ಪ್ರತಿಫಲ, ಆದರೆ ಅದರ ಗಡುವು ಹತ್ತಿರ. ಇನ್ನೊಂದಕ್ಕೆ ಜಾಸ್ತಿ ಪ್ರತಿಫಲ, ಗಡುವು ದೂರ. ಎರಡರಲ್ಲಿ ಯಾವುದನ್ನು ಆರಿಸಿದರೂ ಮಾಡಿ ಮುಗಿಸಲು ಬೇಕಾದಷ್ಟು ಸಮಯ ಇತ್ತು. ಅಂದರೆ ಆ ಹತ್ತಿರದ ಗಡುವಿಗೆ ಅರ್ಥವೇ ಇರಲಿಲ್ಲ. ಆದರೂ ಗಡುವು ಹತ್ತಿರ ಎಂಬ ಒಂದೇ ಕಾರಣಕ್ಕೆ ಜನ ಕಡಿಮೆ ಸಿಗುವ ಕೆಲಸದ ಕಡೆ ವಾಲಿದರು. "ನಾನು ಯಾವಾಗಲೂ ಬಿಜಿ" ಎಂದುಕೊಳ್ಳುವವರಲ್ಲಿ ಈ ಸೆಳೆತ ಇನ್ನೂ ಜೋರಾಗಿತ್ತು. ಆದರೆ ಯಾವುದರಿಂದ ಏನು ಸಿಗುತ್ತದೆ ಎಂಬುದರ ಕಡೆಗೆ ಗಮನ ಸೆಳೆದಾಗ ಸೆಳೆತ ಕಡಿಮೆಯಾಯಿತು.

ಈ ಕೊನೆಯ ಮಾತನ್ನು ಅಂಗಡಿಗೆ ತರಬಹುದು ಎಂಬುದು ನನ್ನ ವಾದ. ಚೌಕ ಹಾಕುವ ಮೊದಲು ಪ್ರತಿ ಕೆಲಸದ ಪಕ್ಕ ಒಂದು ಅಂಕಿ ಬರೆಯಿರಿ. ಇದು ಇವತ್ತು ಆಗದೆ ನಾಳೆ ಆದರೆ ನನ್ನ ಎಷ್ಟು ರೂಪಾಯಿ ಹೋಗುತ್ತದೆ? "ಮುಖ್ಯ" ಎಂದರೆ ಏನು ಎಂದು ತಲೆ ಕೆಡಿಸಿಕೊಳ್ಳುವುದೇ ಬೇಡ. ರೂಪಾಯಿ ಲೆಕ್ಕ ವ್ಯಾಪಾರಿಗೆ ನೀರು ಕುಡಿದಷ್ಟು ಸುಲಭ, ಅಲ್ವಾ?

ಒಂದು ಅಂಗಡಿಯ ಒಂದು ದಿನ ಕಲ್ಪಿಸಿಕೊಳ್ಳೋಣ. 2025ರ ಜುಲೈ 16, ಬುಧವಾರ. ಚಿಕ್ಕ ಊರು, ಗಂಡ ಹೆಂಡತಿ ಇಬ್ಬರೂ ಅಂಗಡಿ ನೋಡಿಕೊಳ್ಳುತ್ತಾರೆ, ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಯೋಜನೆಯಲ್ಲಿದ್ದಾರೆ, ಅಂದರೆ ಸಣ್ಣ ವ್ಯಾಪಾರಿಗಳು ವ್ಯಾಪಾರದ ಮೇಲೆ ಇಷ್ಟು ಶೇಕಡಾ ಎಂದು ತೆರಿಗೆ ಕಟ್ಟುವ ಸರಳ ವ್ಯವಸ್ಥೆ. ಪಟ್ಟಿಯಲ್ಲಿ ನಾಲ್ಕು ಕೆಲಸ.

[ತೆರೆಯ ಮೇಲೆ: ಹಾಲು, CMP-08, ರ್ಯಾಕ್, ಉದ್ರಿ]

ಹಾಲು. ಬೆಳಗ್ಗೆ ಬಂದ ಕ್ರೇಟು ಹೊರಗೇ ಕೂತರೆ ಗಂಟೆ ಗಂಟೆಗೂ ನಷ್ಟ. ಇದಕ್ಕೆ ಲೆಕ್ಕವೇ ಬೇಡ, ತಕ್ಷಣ ಫ್ರಿಜ್ಜಿಗೆ.

ಎರಡನೆಯದು CMP-08, ಈ ಯೋಜನೆಯವರು ಮೂರು ತಿಂಗಳಿಗೊಮ್ಮೆ ತೆರಿಗೆ ಲೆಕ್ಕ ಕೊಡುವ ಫಾರಂ. ಏಪ್ರಿಲ್‌ನಿಂದ ಜೂನ್‌ವರೆಗಿನ ತೆರಿಗೆ ಕಟ್ಟಲು ಜುಲೈ 18 ಕೊನೆ ದಿನ. ಸರ್ಕಾರದ ಗಡುವು ಎಂದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ. ಅಂಕಿ ಹಾಕಿ ನೋಡಿ. ಮೂರು ತಿಂಗಳಲ್ಲಿ ತೆರಿಗೆ ಬೀಳುವ ವ್ಯಾಪಾರ 6 ಲಕ್ಷ ಎನ್ನಿ. ವ್ಯಾಪಾರಿಗೆ ಶೇಕಡಾ 1, ಅಂದರೆ 6,000 ರೂಪಾಯಿ. ತಡವಾದರೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ದಿನಕ್ಕೆ ಸುಮಾರು 3 ರೂಪಾಯಿ. ಹಾಗಂತ ತಡ ಮಾಡಿ ಎನ್ನುತ್ತಿಲ್ಲ. ಒಂದರ ಹಿಂದೆ ಒಂದು ಎರಡು ತ್ರೈಮಾಸಿಕ ಬಾಕಿ ಉಳಿಸಿಕೊಂಡರೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡಲು ಬಿಡುವುದಿಲ್ಲ. ಆದರೆ 16ನೇ ತಾರೀಕು ಬೆಳಗ್ಗೆ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಇದಕ್ಕಾಗಿ ಗಾಬರಿಯಾಗುವ ಕಾರಣವಿಲ್ಲ. ಸಂಜೆ ಹೊತ್ತು ಆಡಿಟರಿಗೆ ನಗದು ಮತ್ತು ಯುಪಿಐ ಎರಡೂ ಸೇರಿಸಿದ ವ್ಯಾಪಾರದ ಮೊತ್ತ ಹೇಳಿದರೆ 17ಕ್ಕೆ ಕಟ್ಟಬಹುದು.

ಮೂರನೆಯದು ಹಿಂದಿನ ರ್ಯಾಕು. ಬಿಸ್ಕೆಟ್, ಮಸಾಲೆ, ನೂಡಲ್ಸ್‌ಗಳ ತಾರೀಕು ನೋಡಬೇಕು. ಇವತ್ತು ನೋಡದಿದ್ದರೆ ಏನೂ ಹೋಗುವುದಿಲ್ಲ, ಒಂದು ಸಂಗತಿ ಬಿಟ್ಟರೆ. ಆ ಮಾಲಿನ ಕಂಪನಿಯ ಸೇಲ್ಸ್‌ಮನ್ ವಾರಕ್ಕೊಮ್ಮೆ ಬರುವವರು, ನಾಳೆ ಗುರುವಾರ ಬರುತ್ತಾರೆ. ವಾಪಸ್ ಕೊಡುವ ಮಾಲು ಅವರು ಬಂದಾಗ ಎತ್ತಿಟ್ಟು ತೋರಿಸಿದರೆ ಮಾತಾಡಬಹುದು. ಅವರು ಹೋದಮೇಲೆ ನೋಡಿದರೆ ಇನ್ನೊಂದು ವಾರ ಕಾಯಬೇಕು. ಅಷ್ಟರಲ್ಲಿ ವಾಪಸ್ ತಗೊಳ್ಳುವ ಅವಧಿ ದಾಟಿದರೆ ಆ ಮಾಲು ನಿಮ್ಮ ತಲೆಗೇ. ಆದ್ದರಿಂದ ತುರ್ತೇ ಅಲ್ಲದ ಈ ಕೆಲಸಕ್ಕೆ ಇವತ್ತು ಮಧ್ಯಾಹ್ನ ಎಂಬ ಗಡುವು ಹುಟ್ಟಿಕೊಂಡಿತು.

ಈಗ ನಾಲ್ಕನೆಯದು, ಉದ್ರಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇದು ನಮ್ಮ ಅಂಗಡಿಗಳಲ್ಲಿ ಹಣ ಸದ್ದಿಲ್ಲದೆ ಕರಗುವ ಜಾಗ.

ಒಬ್ಬ ಸಣ್ಣ ಮೆಸ್ಸಿನವರು 2022ರ ಆಗಸ್ಟ್ 4ರಂದು ಅಕ್ಕಿ, ಬೇಳೆ, ಎಣ್ಣೆ ಸೇರಿ 18,400 ರೂಪಾಯಿಯ ಮಾಲು ತಗೊಂಡಿದ್ದಾರೆ. "ಮುಂದಿನ ವಾರ" ಎನ್ನುತ್ತಲೇ ಬಂದಿದ್ದಾರೆ. ಇವತ್ತು ಕೇಳದೆ ನಾಳೆ ಕೇಳಿದರೆ ನಷ್ಟ ಎಷ್ಟು? ಸೊನ್ನೆ. ನಾಡಿದ್ದು? ಸೊನ್ನೆ. ಅದಕ್ಕೇ ಯಾವ ದಿನವೂ ಇದು ಪಟ್ಟಿಯ ಮೇಲಕ್ಕೆ ಬರುವುದೇ ಇಲ್ಲ.

ಆದರೆ 1963ರ ಕಾಲಮಿತಿ ಕಾಯ್ದೆ ಒಂದಿದೆ. ಹಣ ಕೊಡಲು ಇಂಥ ದಿನ ಎಂದು ಮಾತಾಡಿಕೊಳ್ಳದೆ ಮಾಲು ಕೊಟ್ಟಿದ್ದರೆ, ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆಮೇಲೆ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಅವರಾಗಿ ಕೊಟ್ಟರೆ ತಗೊಳ್ಳಬಹುದು, ಕೋರ್ಟಿನ ಮೂಲಕ ವಸೂಲಿ ಮಾಡಲು ಆಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಆ ದಿನ 2025ರ ಆಗಸ್ಟ್ 4. ಇವತ್ತಿಗೆ ಮೂರು ವಾರವೂ ಇಲ್ಲ! ಸಾವಿರಕ್ಕೂ ಹೆಚ್ಚು ದಿನ ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ಒಂದೇ ದಿನಕ್ಕೆ 18,400. ತೆರಿಗೆಯ 3 ರೂಪಾಯಿ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಎದೆ ಹೊಡೆದುಕೊಳ್ಳಬೇಕಾದದ್ದು ಯಾವುದಕ್ಕೆ?

ಇದಕ್ಕೆ ಪರಿಹಾರ ಹತ್ತು ನಿಮಿಷದ ಕೆಲಸ. ಜಗಳ ಬೇಡ, ವಕೀಲರೂ ಬೇಡ. ಗಡುವು ಮುಗಿಯುವ ಮೊದಲು ಅವರಿಂದ ಒಂದು ಬರಹ ತಗೊಳ್ಳಿ. "ದಿನಸಿ ಬಾಬ್ತು ಇಂಥ ಅಂಗಡಿಗೆ 18,400 ರೂಪಾಯಿ ಬಾಕಿ ಕೊಡಬೇಕಿದೆ" ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿದರೆ, ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸಹಿಯ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಎರಡು ಎಚ್ಚರಿಕೆ. ಬಾಯಿಮಾತಿನ "ಕೊಡ್ತೀನಿ ಬಿಡಿ ಅಣ್ಣ" ಇದಕ್ಕೆ ಸಾಲದು, ಬರಹದಲ್ಲೇ ಇರಬೇಕು. ಮತ್ತೆ ಬರಹ ಮೂರು ವರ್ಷ ತುಂಬುವ ಮೊದಲೇ ಆಗಿರಬೇಕು. ಒಬ್ಬರೇ ಗಿರಾಕಿ ಬೇರೆ ಬೇರೆ ದಿನ ತಗೊಂಡಿದ್ದರೆ ಪ್ರತಿ ಸಲದ ಮಾಲಿಗೂ ಅದರದೇ ತಾರೀಕು. ಹಾಗಾಗಿ ಉದ್ರಿ ಪುಸ್ತಕದಲ್ಲಿ ಮೊತ್ತದ ಪಕ್ಕ ಮಾಲು ಕೊಟ್ಟ ತಾರೀಕು ಇರಲೇಬೇಕು. "ಹಳೇ ಬಾಕಿ" ಎಂದು ಒಟ್ಟು ಮೊತ್ತ ಮುಂದಿನ ಪುಟಕ್ಕೆ ತರುವ ಅಭ್ಯಾಸ ಇದ್ದರೆ ತಾರೀಕು ಕಳೆದುಹೋಗುತ್ತದೆ. ದಯವಿಟ್ಟು ಅದನ್ನು ಬಿಡಿ.

ಇನ್ನು ದಿನ ಹೇಗೆ ಕೂರಿಸುವುದು? ಆಫೀಸಿನವರ ಚೌಕ ಅಂಗಡಿಗೆ ಒಗ್ಗದಿರುವುದು ಇಲ್ಲೇ. ಮುಂದಿನ ಕೆಲಸ ಯಾವುದು ಎಂದು ನೀವೇ ಆರಿಸಬಹುದು ಎಂದು ಆ ಚೌಕ ನಂಬಿದೆ. ಗಲ್ಲಾದಲ್ಲಿ ಅದನ್ನು ಆರಿಸುವವರು ಗಿರಾಕಿ. ಅವರಿಂದಲೇ ಹೊಟ್ಟೆ ತುಂಬುವುದು, ಅವರನ್ನು ಅಡಚಣೆ ಎಂದು ನೋಡುವುದು ತಪ್ಪು. ಹಾಗಾಗಿ ಗಂಟೆಗಳನ್ನೇ ಬೇರೆ ಮಾಡಬೇಕು. ಬೆಳಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ಆರರಿಂದ ಒಂಬತ್ತು ಗಿರಾಕಿಗಳದು. ಆ ಹೊತ್ತಿನಲ್ಲಿ ಹೋಲ್‌ಸೇಲಿನವರ ಫೋನಿಗೂ "ಎರಡು ಗಂಟೆಗೆ ಮಾಡ್ತೀನಿ" ಎನ್ನಬಹುದು. ಮಧ್ಯಾಹ್ನ ಎರಡರಿಂದ ನಾಲ್ಕು ನಿಮ್ಮದು.

ನಮ್ಮ ಬುಧವಾರ ಎರಡು ಗಂಟೆಗೆ ಹೆಂಡತಿ ಗಲ್ಲಾದಲ್ಲಿ ಕೂರುತ್ತಾರೆ, ಗಂಡ ಮೆಸ್ಸಿಗೆ ಹೋಗಿ ಬರಹ ಮಾಡಿಸಿಕೊಂಡು ಬರುತ್ತಾರೆ. ಮೆಸ್ಸಿನವರಿಗೂ ಅದು ಊಟದ ಗದ್ದಲ ಇಳಿಯುವ ಹೊತ್ತು. ಬಂದಮೇಲೆ ಹುಡುಗನ ಜೊತೆ ರ್ಯಾಕು. ನಡುವೆ ಗಿರಾಕಿ ಬಂದೇ ಬರುತ್ತಾರೆ. ಅದಕ್ಕೇ ಇಡೀ ರ್ಯಾಕು ಎಂದು ಹೊರಡಬೇಡಿ, ಒಂದು ಸಲಕ್ಕೆ ಒಂದು ಹಲಗೆ. ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದರೆ ಮತ್ತೆ ಶುರುವಿನಿಂದ ನೋಡುವ ತಾಪತ್ರಯ ಇಲ್ಲ. ಐದಕ್ಕೆ ಆಡಿಟರಿಗೆ ಫೋನು.

ಸಮಯ ಆಗುತ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಬೇರೆಯವರಿಗೆ ಒಪ್ಪಿಸುವ ಕೆಲಸದಲ್ಲಿ ಕ್ರೇಟು, ತೂಕ, ಡೆಲಿವರಿಗಳನ್ನು ಹುಡುಗನಿಗೆ ಬಿಡಿ. ಹೊಸ ಉದ್ರಿ ಕೊಡುವ ಅಧಿಕಾರ ಬಿಡಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಇದೂ ಉದ್ರಿಯ ಹಾಗೇ ಕೊನೆಯ ದಿನದವರೆಗೆ ಸದ್ದು ಮಾಡದ ಕೆಲಸ, ತಾರೀಕನ್ನು ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚೆಯೇ ಬರೆದಿಡಿ. ಪಟ್ಟಿಯಲ್ಲಿ ಒಂದೇ ಸಾಲು ಮೂರು ದಿನ ಮುಂದಕ್ಕೆ ಹೋಗುತ್ತಿದ್ದರೆ ಎರಡರಲ್ಲಿ ಒಂದು. ಕೆಲಸ ದೊಡ್ಡದಾಯಿತು, ತುಂಡು ಮಾಡಿ. ಅಥವಾ ಅದರ ಪಕ್ಕ ಬರೆಯಲು ರೂಪಾಯಿಯೇ ಇಲ್ಲ, ಹೊಡೆದು ಹಾಕಿ.

ಹಬ್ಬದ ಹಿಂದಿನ ವಾರ ಈ ಮಧ್ಯಾಹ್ನದ ಎರಡು ಗಂಟೆ ಸಿಗುವುದಿಲ್ಲ. ಗೌರಿ ಗಣೇಶಕ್ಕೆ ಮೊದಲು ಬೆಲ್ಲ, ಕೊಬ್ಬರಿ, ಅಕ್ಕಿಹಿಟ್ಟು ಬಿಟ್ಟು ಬೇರೆ ಯೋಚನೆಗೆ ಜಾಗವಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆ ವಾರಕ್ಕೆ ಪಟ್ಟಿಯಲ್ಲಿ ಎರಡೇ ಸಾಲು ಇರಲಿ. ವಾರದೊಳಗೆ ಗಡುವು ಮುಗಿಯುವ ಉದ್ರಿ ಇದೆಯಾ, ವಾರದೊಳಗೆ ಸರ್ಕಾರಕ್ಕೆ ಕಟ್ಟುವುದು ಇದೆಯಾ. ಎರಡೂ ಇಲ್ಲದಿದ್ದರೆ ಪಟ್ಟಿ ಮಡಚಿಟ್ಟು ವ್ಯಾಪಾರ ಮಾಡಿ.